ಇಬ್ಬರು ನೀರಿನ ವ್ಯಾಪಾರಿಗಳು, ಎರಡು ನಿಯಮಗಳು: ನಾಲ್ಕು ವಾರಗಳ ಕೆಲಸದ ದಾಖಲೆ

ಮೊದಲನೆಯ ವಾರ

ಒಂದೇ ಬಡಾವಣೆಗೆ ನೀರಿನ ಕ್ಯಾನ್ ಹಾಕುವ ಇಬ್ಬರು ವ್ಯಾಪಾರಿಗಳನ್ನು ಪೈಥಾನ್‌ನಲ್ಲಿ ಬರೆದ ಚಿಕ್ಕದೊಂದು ಪ್ರೋಗ್ರಾಮಿನಲ್ಲಿ ಎದುರುಬದುರು ನಿಲ್ಲಿಸಿ, ಅವರ ಪೈಪೋಟಿ ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂಬುದನ್ನು ನೋಡುವ ಕೆಲಸವನ್ನು ಈ ವಾರ ಆರಂಭಿಸಿದೆ. ನೀರನ್ನೇ ಆರಿಸಿಕೊಳ್ಳಲು ಕಾರಣವಿದೆ. ಫ್ರಾನ್ಸಿನ ಆಂಟ್ವಾನ್ ಆಗಸ್ಟಿನ್ ಕೂರ್ನೋ 1838ರಲ್ಲಿ ಈ ಪ್ರಶ್ನೆಯನ್ನು ಮೊದಲು ಗಣಿತಕ್ಕೆ ಅಳವಡಿಸಿದಾಗ, ಅವನು ತೆಗೆದುಕೊಂಡ ಉದಾಹರಣೆ ಖನಿಜಯುಕ್ತ ನೀರಿನ ಎರಡು ಬುಗ್ಗೆಗಳ ಒಡೆಯರದಾಗಿತ್ತು.

ನನ್ನ ಲೆಕ್ಕಕ್ಕೆ ಇಟ್ಟುಕೊಂಡ ಅಂಕಿಗಳು ಸರಳವಾಗಿವೆ. ಕ್ಯಾನಿನ ಬೆಲೆ 100 ರೂಪಾಯಿಯಾದರೆ ಯಾರೂ ಕೊಳ್ಳುವುದಿಲ್ಲ. ಬೆಲೆ ಒಂದು ರೂಪಾಯಿ ಇಳಿದಂತೆಲ್ಲ ದಿನಕ್ಕೆ ಒಂದು ಕ್ಯಾನ್ ಹೆಚ್ಚು ಖರ್ಚಾಗುತ್ತದೆ. ಪ್ರತಿ ಕ್ಯಾನಿಗೆ ಇಬ್ಬರಿಗೂ ಬೀಳುವ ವೆಚ್ಚ 10 ರೂಪಾಯಿ. ಒಬ್ಬನೇ ವ್ಯಾಪಾರಿ ಇದ್ದಿದ್ದರೆ ಅವನು 55 ರೂಪಾಯಿಯಂತೆ 45 ಕ್ಯಾನ್ ಮಾರಿ ದಿನಕ್ಕೆ 2025 ರೂಪಾಯಿ ಲಾಭ ಪಡೆಯುತ್ತಿದ್ದ.

ಮೊದಲು ಕೂರ್ನೋನ ನಿಯಮವನ್ನು ಬರೆದೆ. ಬೆಳಿಗ್ಗೆ ಇಬ್ಬರೂ ತಾವು ಎಷ್ಟು ಕ್ಯಾನ್ ತರಬೇಕೆಂಬುದನ್ನು ಮಾತ್ರ ನಿರ್ಧರಿಸುತ್ತಾರೆ. ತಂದದ್ದೆಲ್ಲ ಖರ್ಚಾಗುವ ಮಟ್ಟಕ್ಕೆ ಬೆಲೆ ತಾನಾಗಿ ಬಂದು ನಿಲ್ಲುತ್ತದೆ. ಹಿಂದಿನ ದಿನ ಎದುರಾಳಿ ತಂದಷ್ಟನ್ನೇ ಇಂದೂ ತರುತ್ತಾನೆಂದು ಭಾವಿಸಿ ಪ್ರತಿಯೊಬ್ಬನೂ ತನಗೆ ಅತಿ ಹೆಚ್ಚು ಲಾಭ ಕೊಡುವ ಸಂಖ್ಯೆಯನ್ನು ಆರಿಸುತ್ತಾನೆ. ಇಬ್ಬರನ್ನೂ 45ರಿಂದ ಹೊರಡಿಸಿದಾಗ ಸಂಖ್ಯೆಗಳು 22.5ಕ್ಕೆ ಕುಸಿದು, 33.75ಕ್ಕೆ ಏರಿ, 28.125ಕ್ಕೆ ಇಳಿದು, ಪ್ರತಿ ಸಲವೂ ತೂಗಾಟ ಅರ್ಧವಾಗುತ್ತ ಕೊನೆಗೆ 30ರಲ್ಲಿ ನೆಲೆನಿಂತವು. ಆಗ ಬೆಲೆ 40 ರೂಪಾಯಿ, ಒಬ್ಬೊಬ್ಬನ ಲಾಭ 900 ರೂಪಾಯಿ.

ಎರಡನೆಯ ವಾರ

ಜೋಸೆಫ್ ಬರ್ಟ್ರಾಂಡ್ ಎಂಬ ಫ್ರೆಂಚ್ ಗಣಿತಜ್ಞ 1883ರಲ್ಲಿ ಕೂರ್ನೋನ ತರ್ಕವನ್ನು ಖಂಡಿಸಿದ. ಬೆಲೆ ಇಳಿಸಿದವನಿಗೆ ಇಡೀ ಮಾರುಕಟ್ಟೆಯೇ ಸಿಗುವಾಗ ಇಬ್ಬರೂ ಇಳಿಸುತ್ತಲೇ ಹೋಗುತ್ತಾರೆ ಎಂಬುದು ಅವನ ವಾದದ ತಿರುಳು. ಅದರಂತೆ ಈ ವಾರ ನಿಯಮವನ್ನು ತಿರುಗಿಸಿದೆ: ವ್ಯಾಪಾರಿಗಳು ಸರದಿಯಂತೆ ಬೆಲೆಯನ್ನು ಇಡಿ ರೂಪಾಯಿಗಳಲ್ಲಿ ಘೋಷಿಸುತ್ತಾರೆ, ಗ್ರಾಹಕರೆಲ್ಲ ಕಡಿಮೆ ಬೆಲೆಯವನ ಬಳಿಗೆ ಹೋಗುತ್ತಾರೆ, ಬೆಲೆ ಸಮವಾದರೆ ಅರ್ಧರ್ಧ ಹಂಚಿಹೋಗುತ್ತಾರೆ.

55ರಿಂದ ಹೊರಟ ಬೆಲೆ 54, 53, 52 ಎಂದು ಒಂದೊಂದೇ ಮೆಟ್ಟಿಲಿಳಿದು 11ಕ್ಕೆ ಬಂದು ನಿಂತಿತು. ಕೊನೆಯ ಮೆಟ್ಟಿಲನ್ನು ನಾನು ಕೈಲೆಕ್ಕದಲ್ಲಿಯೂ ಪರೀಕ್ಷಿಸಿದೆ. ಎದುರಾಳಿ 12 ರೂಪಾಯಿಗೆ ಮಾರುತ್ತಿರುವಾಗ ತಾನೂ 12ಕ್ಕೇ ಮಾರಿದರೆ 44 ಕ್ಯಾನಿನಿಂದ 88 ರೂಪಾಯಿ ಲಾಭ; 11ಕ್ಕೆ ಇಳಿದರೆ 89 ಕ್ಯಾನಿನಿಂದ 89 ರೂಪಾಯಿ. ಒಂದೇ ಒಂದು ರೂಪಾಯಿಯ ಆಸೆಗೆ ಬೆಲೆ ಇನ್ನೂ ಒಂದು ಮೆಟ್ಟಿಲು ಕೆಳಗಿಳಿಯುತ್ತದೆ. 11ರಲ್ಲಿ ಒಬ್ಬೊಬ್ಬನಿಗೆ ಉಳಿಯುವುದು 44 ರೂಪಾಯಿ 50 ಪೈಸೆ, ಅದಕ್ಕಿಂತ ಕೆಳಗೆ ಏನೂ ಇಲ್ಲ.

ಅದೇ ಇಬ್ಬರು, ಅದೇ ಬೇಡಿಕೆ, ಅದೇ ವೆಚ್ಚ. ಆದರೂ ಒಂದು ಕಡೆ 900, ಇನ್ನೊಂದು ಕಡೆ 44.50. ಇದಕ್ಕೆ ಕಾರಣವನ್ನು ಒಂದೇ ಬಿಂದುವಿನಲ್ಲಿ ಹಿಡಿಯಬೇಕೆಂದು, ಎರಡೂ ಆಟಗಳನ್ನು ತಲಾ 30 ಕ್ಯಾನ್, 40 ರೂಪಾಯಿ ಬೆಲೆಯ ಸ್ಥಿತಿಯಲ್ಲಿ ನಿಲ್ಲಿಸಿ, ಒಬ್ಬನಿಂದ ಮಾತ್ರ ಬೆಲೆ ಒಂದು ರೂಪಾಯಿ ಕೆಳಗೆ ಬರುವಂತೆ ಮಾಡಿದೆ. ಪ್ರಮಾಣದ ಆಟದಲ್ಲಿ ಅವನು 31ನೆಯ ಕ್ಯಾನ್ ತಂದು ಬೆಲೆಯನ್ನು 39ಕ್ಕೆ ಇಳಿಸುತ್ತಾನೆ. ಎದುರಾಳಿ ತಂದ 30 ಕ್ಯಾನುಗಳು ಆ ಬೆಲೆಗೂ ಖರ್ಚಾಗಿಯೇ ತೀರುವುದರಿಂದ ಇವನಿಗೆ ಹೆಚ್ಚಾಗಿ ಸಿಗುವುದು ಒಂದು ಕ್ಯಾನಿನ ವ್ಯಾಪಾರ ಮಾತ್ರ, ಲಾಭ 899 ರೂಪಾಯಿ. ಬೆಲೆಯ ಆಟದಲ್ಲಿ 39 ಎಂದು ಕೂಗಿದವನಿಗೆ ಎದುರಾಳಿಯ ಗ್ರಾಹಕರೆಲ್ಲ ಒಮ್ಮೆಲೇ ಬಂದು 61 ಕ್ಯಾನ್ ಖರ್ಚಾಗುತ್ತವೆ, ಲಾಭ 1769 ರೂಪಾಯಿ. ಇಡೀ ವ್ಯತ್ಯಾಸ ಅಡಗಿರುವುದು ಇಲ್ಲಿಯೇ ಎಂಬುದು ನನಗೆ ಈ ಎರಡು ಸಂಖ್ಯೆಗಳನ್ನು ಅಕ್ಕಪಕ್ಕದಲ್ಲಿ ಬರೆದಾಗ ಮನದಟ್ಟಾಯಿತು. ನಾನು ಒಂದು ಹೆಜ್ಜೆ ಇಟ್ಟಾಗ ಎದುರಾಳಿಯ ಯಾವುದು ಕದಲದೆ ನಿಂತಿರುತ್ತದೆ ಎಂಬುದೇ ನಿಜವಾದ ಪ್ರಶ್ನೆ: ಅವನ ಸರಕು ಕದಲದಿದ್ದರೆ ನಾನು ಅವನ ಗ್ರಾಹಕರನ್ನು ಕಸಿಯಲಾರೆ, ಅವನ ಬೆಲೆ ಕದಲದಿದ್ದರೆ ಎಲ್ಲರನ್ನೂ ಕಸಿಯಬಲ್ಲೆ.

ಮೂರನೆಯ ವಾರ

ನಮ್ಮ ಮನೆಗೆ ಕ್ಯಾನ್ ಹಾಕುವವರನ್ನು, ಬೆಲೆ ಇಳಿಸಿ ಪಕ್ಕದ ಬೀದಿಯ ಗಿರಾಕಿಗಳನ್ನೂ ಏಕೆ ಹಿಡಿಯಬಾರದು ಎಂದು ಕೇಳಿದಾಗ, “ಗಾಡಿಯಲ್ಲಿ ಎಷ್ಟು ಹಿಡಿಯುತ್ತದೋ ಅಷ್ಟೇ ಅಲ್ವಾ ಸಾರ್ ನನ್ನ ವ್ಯಾಪಾರ” ಎಂದರು. ಬರ್ಟ್ರಾಂಡನ ವಾದಕ್ಕೆ ಅರ್ಥಶಾಸ್ತ್ರಜ್ಞ ಎಜ್‌ವರ್ತ್ 1897ರಲ್ಲಿ ಎತ್ತಿದ ಆಕ್ಷೇಪವೂ ಇದೇ ಬಗೆಯದು: 61 ಕ್ಯಾನಿಗೆ ಬೇಡಿಕೆ ಬಂದರೂ 30 ಮಾತ್ರ ಹಿಡಿಯುವ ಗಾಡಿಯವನಿಗೆ ಬೆಲೆ ಇಳಿಸಿ ಪ್ರಯೋಜನವಿಲ್ಲ. ಅರ್ಥಶಾಸ್ತ್ರಜ್ಞರಾದ ಡೇವಿಡ್ ಕ್ರೆಪ್ಸ್ ಮತ್ತು ಜೋಸೆ ಶೈಂಕ್‌ಮನ್ 1983ರಲ್ಲಿ ಇನ್ನೂ ಮುಂದೆ ಹೋಗಿ, ಮೊದಲು ಸಾಮರ್ಥ್ಯವನ್ನೂ ಆಮೇಲೆ ಬೆಲೆಯನ್ನೂ ಆರಿಸುವ ಆಟದಲ್ಲಿ ಕೂರ್ನೋನ ಫಲಿತಾಂಶವೇ ಮರಳಿ ಬರುವುದೆಂದು ತೋರಿಸಿದರು.

ಅದನ್ನು ನೋಡಲೆಂದು ಇಬ್ಬರಿಗೂ 30 ಕ್ಯಾನಿನ ಮಿತಿ ಹಾಕಿ ಬೆಲೆಯ ಆಟವನ್ನು ನಡೆಸಿದೆ. ಬೆಲೆ 40ರಲ್ಲಿ ನಿಲ್ಲಬೇಕಿತ್ತು, ನಿಲ್ಲಲಿಲ್ಲ. 55ರಿಂದ ಮೆಟ್ಟಿಲಿಳಿದು 42ಕ್ಕೆ ಬಂದು, ಅಲ್ಲಿಂದ ಒಮ್ಮೆಲೇ 55ಕ್ಕೆ ಹಾರಿ, ಮತ್ತೆ ಇಳಿಯತೊಡಗಿತು. ಎರಡು ಸಂಜೆ ತಪ್ಪನ್ನು ಲಾಭದ ಸೂತ್ರದಲ್ಲಿ ಹುಡುಕಿದೆ, ಅದು ಇದ್ದದ್ದು ಬೇರೆಡೆ. ಅಗ್ಗದವನ ಸರಕು ಮುಗಿದ ಮೇಲೆ ದುಬಾರಿಯವನ ಬಳಿಗೆ ಯಾವ ಗ್ರಾಹಕರು ಬರುತ್ತಾರೆ ಎಂಬ ಒಂದು ಸಾಲಿನಲ್ಲಿ ಎಲ್ಲವೂ ನಿಂತಿತ್ತು. ಕೆಳಗೆ p1, k1 ಎಂದರೆ ಅಗ್ಗದವನ ಬೆಲೆ ಮತ್ತು ಮಿತಿ, p2 ದುಬಾರಿಯವನ ಬೆಲೆ, D ಆಯಾ ಬೆಲೆಗೆ ಇರುವ ಬೇಡಿಕೆ, left ದುಬಾರಿಯವನಿಗೆ ಉಳಿಯುವ ಬೇಡಿಕೆ.

```python
# ಮೊದಲು ಬರೆದದ್ದು
left = D(p2) * (1 - k1 / D(p1))
# ತಿದ್ದಿದ ಮೇಲೆ
left = D(p2) - k1
```

ಮೊದಲ ಸಾಲಿನ ಪ್ರಕಾರ ಅಗ್ಗದ ಕ್ಯಾನ್ ಯಾರಿಗೆ ಬೇಕಾದರೂ ಸಿಗಬಹುದು, ಹಾಗಾಗಿ ಹೆಚ್ಚು ಕೊಡಬಲ್ಲ ಗ್ರಾಹಕರಲ್ಲಿಯೂ ಕೆಲವರು ಬರಿಗೈಯಲ್ಲಿ ಉಳಿಯುತ್ತಾರೆ. ಅವರಿಗಾಗಿ 40ರಿಂದ 41ಕ್ಕೆ ಏರಿಸಿದರೆ 29.5 ಕ್ಯಾನ್ ಖರ್ಚಾಗಿ 914.50 ಬರುತ್ತದೆ, ಅಂದರೆ ಏರಿಸುವುದೇ ಲಾಭ. ಎರಡನೆಯ ಸಾಲಿನಲ್ಲಿ ಅಗ್ಗದ ಕ್ಯಾನ್ ಅತಿ ಹೆಚ್ಚು ಬೆಲೆ ಕೊಡಬಲ್ಲವರಿಗೇ ಮೊದಲು ಸಲ್ಲುತ್ತದೆ. ಆಗ 41ಕ್ಕೆ 29 ಕ್ಯಾನ್ ಮಾತ್ರ ಖರ್ಚಾಗಿ 899 ಬರುತ್ತದೆ, 39ಕ್ಕೆ ಇಳಿಸಿದರೆ 870. ಬೆಲೆ 40ರಲ್ಲಿಯೇ ನಿಂತಿತು. ಕ್ರೆಪ್ಸ್ ಮತ್ತು ಶೈಂಕ್‌ಮನ್ ಅವರ ಫಲಿತಾಂಶ ಈ ಎರಡನೆಯ ಹಂಚಿಕೆಯ ನಿಯಮವನ್ನು ನೆಚ್ಚಿದೆ ಎಂದು ಡೇವಿಡ್‌ಸನ್ ಮತ್ತು ಡೆನೆಕೆರ್ 1986ರಲ್ಲಿ ತೋರಿಸಿದ್ದರು. ಆದ್ದರಿಂದ ನನ್ನ ಮೊದಲ ಸಾಲನ್ನು ತಪ್ಪೆಂದು ಅಳಿಸದೆ, ಬೇರೊಂದು ಆಟವೆಂದು ಪ್ರತ್ಯೇಕ ಕಡತದಲ್ಲಿ ಇಟ್ಟುಕೊಂಡಿದ್ದೇನೆ.

ನಾಲ್ಕನೆಯ ವಾರ

ತಿದ್ದಿದ ನಿಯಮವನ್ನೇ ಇಟ್ಟುಕೊಂಡು ಮಿತಿಯನ್ನು ಮಾತ್ರ ಬದಲಿಸಿದೆ. ತಲಾ 90 ಕ್ಯಾನ್ ಹಿಡಿಯುವ ಗಾಡಿ ಕೊಟ್ಟಾಗ, ಒಬ್ಬನೇ ಇಡೀ ಬಡಾವಣೆಗೆ ಸಾಕಾಗುವುದರಿಂದ, ಬೆಲೆ ಎರಡನೆಯ ವಾರದಂತೆಯೇ 11ಕ್ಕೆ ಇಳಿಯಿತು. ತಲಾ 45 ಕೊಟ್ಟಾಗ ಎಲ್ಲಿಯೂ ನಿಲ್ಲದೆ 33 ಮತ್ತು 22ರ ನಡುವೆ ಸುತ್ತತೊಡಗಿತು: ಎದುರಾಳಿ 22ಕ್ಕೆ ಬಂದಾಗ 21ಕ್ಕೆ ಇಳಿದರೆ 495 ರೂಪಾಯಿ, ಅವನಿಗೆ ಸಿಗದೆ ಉಳಿದ ಗ್ರಾಹಕರಿಗಾಗಿ 33ಕ್ಕೆ ಏರಿದರೆ 506. ಈ ಸಲ ಸಾಲುಗಳನ್ನು ಎರಡೆರಡು ಬಾರಿ ನೋಡಿದೆ, ತಪ್ಪಿಲ್ಲ. ಈ ಮಿತಿಗೆ ಸ್ಥಿರವಾದ ಒಂದು ಬೆಲೆಯೇ ಇಲ್ಲ. ಗಾಡಿಯ ಗಾತ್ರವನ್ನೂ ವ್ಯಾಪಾರಿಗಳೇ ಆರಿಸಿಕೊಳ್ಳುವಂತೆ ಮಾಡಬೇಕಾದರೆ ಇಂತಹ ನಡುವಣ ಮಿತಿಗಳಲ್ಲಿ ಬೆಲೆಯನ್ನು ಸಂಭವನೀಯತೆಯ ಹಂಚಿಕೆಯಾಗಿ ಲೆಕ್ಕಹಾಕಬೇಕಾಗುತ್ತದೆ, ಮುಂದಿನ ವಾರ ಆ ಭಾಗವನ್ನು ಬರೆಯುತ್ತೇನೆ.