‘ನೀಡಲಾಗಿದೆ’ ಅಂತ ಬರೆದಿದ್ದೆ, ಆಮೇಲೆ ಹೊಡೆದು ಹಾಕಿದೆ

ಬೆಳಗಿನ ಐದೂವರೆಗೆ ಫೋನ್ ಬಂತು. "ರಾತ್ರಿ ಒಂದು ಡೆತ್ ಆಗೇತ್ರಿ ಸರ್, ಇಂಜೆಕ್ಷನ್ ಆದಮ್ಯಾಲೆ. ಗೇಟಿನ ಮುಂದ ಐವತ್ತು ಮಂದಿ ಅದಾರ, ಲಗೂನ ಬರ್ರಿ" ಅಂದರು ಸೆಕ್ಯೂರಿಟಿಯವರು.

ಆಗ ನಾನು ಹುಬ್ಬಳ್ಳಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಪಿಆರ್‌ಒ ಆಗಿದ್ದೆ. ಅದಕ್ಕೂ ಮೊದಲು ಹನ್ನೊಂದು ವರ್ಷ ಪತ್ರಿಕೆಯಲ್ಲಿ ದುಡಿದವನು. ಹೀಗಾಗಿ ಇಂಥ ಸಂದರ್ಭದಲ್ಲಿ ಆಸ್ಪತ್ರೆಗಳು ಕಳಿಸುವ ಪ್ರಕಟಣೆ ನನಗೆ ಬಾಯಿಪಾಠ. ‘ಎಲ್ಲ ರೀತಿಯ ಚಿಕಿತ್ಸೆ ನೀಡಲಾಗಿತ್ತು, ಆದರೂ ಚಿಕಿತ್ಸೆ ಫಲಕಾರಿಯಾಗದೆ ಮೃತಪಟ್ಟಿರುತ್ತಾರೆ, ಕೆಲವರು ಸುಳ್ಳು ಸುದ್ದಿ ಹಬ್ಬಿಸುತ್ತಿದ್ದು ಕಾನೂನು ಕ್ರಮ ಜರುಗಿಸಲಾಗುವುದು.’ ಇಷ್ಟೇ. ಹೆಸರು, ತಾರೀಖು ಬದಲಿಸಿದರೆ ಮುಗೀತು. ಡೆಸ್ಕಿನಲ್ಲಿ ಕೂತು ಇಂಥವನ್ನು ಎಷ್ಟು ಅಚ್ಚು ಹಾಕಿಸಿದ್ದೇನೋ ಲೆಕ್ಕವಿಲ್ಲ.

ಆಸ್ಪತ್ರೆಗೆ ಹೋದಾಗ ಮೆಡಿಕಲ್ ಸೂಪರಿಂಟೆಂಡೆಂಟ್ ಮೇಡಂ ಕೇಸ್ ಶೀಟಿನ ಪುಟಗಳಿಗೆ ಒಂದೊಂದಾಗಿ ನಂಬರ್ ಹಾಕಿ ಸಹಿ ಮಾಡುತ್ತಾ ಕೂತಿದ್ದರು. ಯಾಕೆ ಅಂದೆ. "ಇನ್ನ ಯಾರೂ ಇದರಾಗ ಒಂದು ಅಕ್ಷರಾನೂ ಸೇರಸಬಾರದು" ಅಂದರು. ಇಂಥ ರಾತ್ರಿ ಕಳೆದ ಮೇಲೆ ಯಾರೋ ಹೆದರಿ ಒಂದು ಸಾಲು ಸೇರಿಸಿಬಿಡುತ್ತಾರೆ. ಆಮೇಲೆ ಆಸ್ಪತ್ರೆ ನಿಜ ಹೇಳಿದರೂ ನಂಬುವವರಿರುವುದಿಲ್ಲ. ಪುಟಗಳನ್ನು ಝೆರಾಕ್ಸ್ ಮಾಡಿಸಿ ಮೂಲವನ್ನು ಬೀರುವಿನಲ್ಲಿ ಇಟ್ಟು ಬೀಗ ಹಾಕಿದರು.

ನಡೆದದ್ದು ಇಷ್ಟು. 52 ವರ್ಷದ ಹೆಣ್ಣುಮಗಳು, ನವಲಗುಂದದ ಕಡೆಯವರು ಅಂತಿಟ್ಟುಕೊಳ್ಳಿ, ಕಾಲಿನ ಸೋಂಕಿಗೆ ಸಂಜೆ ಓಪಿಡಿಗೆ ಬಂದಿದ್ದರು. ಅವ್ವನಿಗೆ ಪೆನ್ಸಿಲಿನ್ ಆಗಿಬರುವುದಿಲ್ಲ ಅಂತ ಮಗ ಹೇಳಿದ್ದ. ಡಾಕ್ಟರು ಅದನ್ನು ಓಪಿಡಿ ಚೀಟಿಯ ಮೂಲೆಯಲ್ಲಿ ಬರೆದೂ ಇದ್ದರು. ರಾತ್ರಿ ಅಡ್ಮಿಟ್ ಆದಾಗ ವಾರ್ಡಿನಲ್ಲಿ ಹೊಸ ಕೇಸ್ ಶೀಟ್ ತೆಗೆದರು. ಅದರಲ್ಲಿ ಅಲರ್ಜಿ ಕಾಲಮ್ಮಿನ ಮುಂದೆ ‘ಇಲ್ಲ’ ಅಂತಿತ್ತು. ಚೀಟಿ ಫೈಲಿನ ಹಿಂದೆ ಪಿನ್ ಆಗಿ ಕೂತಿತ್ತು, ಯಾರೂ ತಿರುವಿ ನೋಡಿರಲಿಲ್ಲ. ಸುಮಾರು 10.40ಕ್ಕೆ ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಇಂಜೆಕ್ಷನ್ ಹೋಯಿತು. ಇದು ಪೆನ್ಸಿಲಿನ್ ಗುಂಪಿನದೇ. ಆದರೆ ಬಾಟಲಿಯ ಮೇಲೆ ದೊಡ್ಡದಾಗಿ ಇರುವುದು ಔಷಧಕ್ಕೆ ಕಂಪನಿ ಇಟ್ಟ ಹೆಸರು. ಮಗ ಪಕ್ಕದಲ್ಲೇ ಇದ್ದ, ಓದಿಯೂ ಇರಬಹುದು. ಆ ಹೆಸರಿನಲ್ಲಿ ‘ಸಿಲಿನ್’ ಅನ್ನುವ ಸುಳಿವೇ ಇರದಿದ್ದರೆ ಅವನಿಗೆ ಹೇಗೆ ಗೊತ್ತಾಗಬೇಕು?

ಎರಡು ಮೂರು ನಿಮಿಷದಲ್ಲಿ ಮೈಯೆಲ್ಲಾ ತುರಿಕೆ, ಉಸಿರು ಕಟ್ಟಿತು, ಬಿಪಿ ಬಿತ್ತು. ಆಗ ಮೊದಲು ಕೊಡಬೇಕಾದದ್ದು ಅಡ್ರಿನಾಲಿನ್. ದೊಡ್ಡವರಿಗೆ ಅರ್ಧ ಮಿಲಿಗ್ರಾಂ, ತೊಡೆಯ ಸ್ನಾಯುವಿಗೆ. ಆದರೆ ಅವತ್ತು ಮೊದಲು ಹೋದದ್ದು ಅವಿಲ್ ಮತ್ತು ಹೈಡ್ರೋಕಾರ್ಟಿಸೋನ್. ಅವು ತುರಿಕೆ, ಊತಕ್ಕೆ ನಿಧಾನವಾಗಿ ಕೆಲಸ ಮಾಡುವ ಔಷಧಗಳು. ಬಿದ್ದ ಬಿಪಿಯನ್ನು ಆ ಕ್ಷಣಕ್ಕೆ ಎತ್ತುವುದಿಲ್ಲ. ಅಡ್ರಿನಾಲಿನ್ ಹೋದಾಗ 10.55. ಆಮೇಲೆ ಐಸಿಯು. 11.50ಕ್ಕೆ ತೀರಿಕೊಂಡರು. ಡ್ಯೂಟಿ ಡಾಕ್ಟರು ಪೊಲೀಸರಿಗೆ ತಿಳಿಸಿದ್ದರು. ಬೆಳಗ್ಗೆ ಪೋಸ್ಟ್‌ಮಾರ್ಟಂಗೆ ಕಿಮ್ಸ್‌ಗೆ ಒಯ್ಯುವುದಿತ್ತು.

ಏಳೂವರೆಗೆ ಮೂರೇ ಸಾಲು ಕೊಟ್ಟೆವು. ಒಬ್ಬ ರೋಗಿ ತೀರಿಕೊಂಡಿದ್ದಾರೆ, ಪೊಲೀಸರಿಗೆ ನಾವೇ ತಿಳಿಸಿದ್ದೇವೆ, ಸಂಜೆ ನಾಲ್ಕಕ್ಕೆ ಪೂರ್ತಿ ವಿವರ ಕೊಡುತ್ತೇವೆ. ಆ ‘ನಾಲ್ಕಕ್ಕೆ’ ಅನ್ನುವುದು ಮುಖ್ಯವಾಗಿತ್ತು. ‘ಶೀಘ್ರದಲ್ಲೇ’ ಅಂತ ಬರೆದರೆ ವರದಿಗಾರರು ಕಾಯುವುದಿಲ್ಲ, ಗೇಟಿನ ಮುಂದೆ ಇದ್ದವರ ಬಾಯಿಂದ ಬಂದದ್ದನ್ನು ತಗೊಂಡು ಹೋಗುತ್ತಾರೆ. ನಾನೂ ಹಾಗೇ ಮಾಡುತ್ತಿದ್ದೆ.

ನಂತರ ಪೂರ್ತಿ ಪ್ರಕಟಣೆ ಬರೆಯಲು ಕೂತೆ. ಕೈ ತಾನಾಗಿ ಹಳೇ ದಾರಿ ಹಿಡಿಯಿತು ನೋಡಿ. ‘ಟೆಸ್ಟ್ ಡೋಸ್ ಮಾಡಿದ ನಂತರವೇ ಇಂಜೆಕ್ಷನ್ ನೀಡಲಾಗಿದೆ’ ಅಂತ ಬರೆದೆ. ಸುಳ್ಳಲ್ಲ, ಚರ್ಮಕ್ಕೆ ಟೆಸ್ಟ್ ಡೋಸ್ ಹಾಕಿದ್ದರು, ದದ್ದು ಬಂದಿರಲಿಲ್ಲ. ಮೇಡಂ ಓದಿ ಆ ಸಾಲಿಗೆ ಗೆರೆ ಎಳೆದರು. ಅಲರ್ಜಿ ಇದೆ ಅಂತ ಗೊತ್ತಿದ್ದವರಿಗೆ ಟೆಸ್ಟ್ ಡೋಸ್ ಮಾಡಿ ನೋಡುವುದಲ್ಲ, ಆ ಔಷಧವನ್ನೇ ಮುಟ್ಟಬಾರದು, ಟೆಸ್ಟಿನಲ್ಲಿ ಏನೂ ಕಾಣದಿದ್ದರೂ ಪೂರ್ತಿ ಡೋಸ್‌ಗೆ ರಿಯಾಕ್ಷನ್ ಆಗಬಹುದು ಅಂತ ವಿವರಿಸಿದರು. ಜನ ಈ ಸಾಲು ಓದಿದರೆ ಎಲ್ಲ ಸರಿಯಾಗೇ ಮಾಡಿದ್ದಾರೆ ಅಂದುಕೊಳ್ಳುತ್ತಾರೆ. ನಿಜವಾದ ಸಾಲೇ ಸುಳ್ಳಿನ ಕೆಲಸ ಮಾಡುತ್ತದೆ. ಇಷ್ಟು ವರ್ಷ ಬರೆದವನಿಗೆ ಇದು ಹೊಳೆದಿರಲಿಲ್ಲ.

ಆಮೇಲೆ ‘ನೀಡಲಾಗಿದೆ’. ನಮ್ಮ ಪ್ರಕಟಣೆಗಳ ಭಾಷೆ ಹೇಗಿದೆ ಅಂದರೆ ಅಲ್ಲಿ ಯಾರೂ ಏನೂ ಮಾಡುವುದಿಲ್ಲ, ಎಲ್ಲ ತನ್ನಷ್ಟಕ್ಕೆ ಮಾಡಲಾಗುತ್ತದೆ. ಎಲ್ಲ ‘ಲಾಗಿದೆ’ಗಳನ್ನೂ ಹೊಡೆದು ‘ನಾವು ಕೊಟ್ಟೆವು’, ‘ನಾವು ನೋಡಲಿಲ್ಲ’ ಅಂತ ಬರೆದೆ. ಹಾಗಂತ ನರ್ಸ್ ಹೆಸರು ಹಾಕುವ ಪ್ರಶ್ನೆಯೇ ಇರಲಿಲ್ಲ. ಮ್ಯಾನೇಜ್‌ಮೆಂಟಿನ ಒಬ್ಬರು ‘ಕರ್ತವ್ಯದಲ್ಲಿದ್ದ ಸಿಬ್ಬಂದಿಯನ್ನು ಅಮಾನತು ಮಾಡಲಾಗಿದೆ’ ಅಂತ ಸೇರಿಸಿ ಅಂದರು. ಚೀಟಿಯಿಂದ ಕೇಸ್ ಶೀಟಿಗೆ ಅಲರ್ಜಿ ದಾಟಿಸುವುದು ಯಾರ ಕೆಲಸ ಅಂತ ಆಸ್ಪತ್ರೆಯಲ್ಲಿ ಎಲ್ಲೂ ಬರೆದೇ ಇರಲಿಲ್ಲ. ಅದಕ್ಕೆ ಆ ಹುಡುಗಿಯನ್ನು ಮುಂದೆ ತಳ್ಳಿದರೆ ಹೇಗೆ?

ಹನ್ನೊಂದಕ್ಕೆ ವಕೀಲರು ಬಂದರು. ತಪ್ಪು ಒಪ್ಪಿಕೊಂಡರೆ ಇನ್ಶೂರೆನ್ಸ್ ಕಂಪನಿ ಕೈ ಎತ್ತಬಹುದು ಅಂದರು. ಅದೂ ಸುಮ್ನೆ ಹೆದರಿಸುವ ಮಾತಲ್ಲ. ಇಂಥ ಪಾಲಿಸಿಗಳಲ್ಲಿ, ತಮ್ಮನ್ನು ಕೇಳದೆ ಹೊಣೆ ಒಪ್ಪಿಕೊಳ್ಳಬಾರದು ಅನ್ನುವ ಷರತ್ತು ಸಾಮಾನ್ಯವಾಗಿ ಇರುತ್ತದೆ. ಕಂಪನಿಗೆ ಮೊದಲೇ ತಿಳಿಸಿದೆವು. ಒಂದು ತಾಸು ಜಗಳವಾಯಿತು. ಕೊನೆಗೆ ನಿಂತದ್ದು ಹೀಗೆ. ನಡೆದದ್ದನ್ನೆಲ್ಲ ಹೇಳುವುದು, ಅದಕ್ಕೆ ಕಾನೂನಿನ ಹೆಸರು ಇಡದಿರುವುದು. ‘ನಿರ್ಲಕ್ಷ್ಯ’ ಅನ್ನುವ ಪದ ಬೇಡ, ಅದನ್ನು ಹೇಳಬೇಕಾದವರು ಬೇರೆ. ವೈದ್ಯರ ಮೇಲಿನ ಇಂಥ ಕ್ರಿಮಿನಲ್ ಕೇಸುಗಳಲ್ಲಿ ಸ್ವತಂತ್ರ ವೈದ್ಯರ ಅಭಿಪ್ರಾಯ ತಗೊಳ್ಳಬೇಕು ಅಂತ ಸುಪ್ರೀಂ ಕೋರ್ಟ್ 2005ರಲ್ಲೇ ಹೇಳಿದೆ. ಆದರೆ ‘ಅಲರ್ಜಿ ಬರೆದಿದ್ದ ಚೀಟಿಯನ್ನು ನಾವು ನೋಡಲಿಲ್ಲ’ ಅನ್ನುವುದು ನಡೆದ ಸಂಗತಿ, ಅದು ಇರಲಿ ಅಂದೆವು. ವಕೀಲರಿಗೆ ಪೂರ್ತಿ ಸಮಾಧಾನವಾಗಲಿಲ್ಲ. ಆದರೂ ಸಹಿ ಮಾಡಿದರು.

ಅವರೇ ಒಂದು ಒಳ್ಳೆಯದನ್ನೂ ಹಿಡಿದುಕೊಟ್ಟರು. ‘ಇಂಜೆಕ್ಷನ್‌ನಿಂದ ತೀರಿಕೊಂಡರು’ ಅಂತ ಬರೆದಿದ್ದೆ. ಪೋಸ್ಟ್‌ಮಾರ್ಟಂ ವರದಿ ಬರದೆ ‘ಇಂದ’ ಹೇಗೆ ಬರೀತೀರಿ ಅಂದರು. ‘ಕೊಟ್ಟ ಮೇಲೆ’ ಅಂತ ಮಾಡಿ, ನಮ್ಮ ವೈದ್ಯರಿಗೆ ಕಂಡದ್ದು ತೀವ್ರ ಅಲರ್ಜಿಯ ಲಕ್ಷಣ, ಸಾವಿನ ಕಾರಣ ವರದಿ ಹೇಳಬೇಕು ಅಂತ ಬೇರೆ ಸಾಲು ಬರೆದೆ.

ಬಿಲ್ಲಿನ ಮಾತೂ ಬಂತು. ‘ಮಾನವೀಯತೆಯಿಂದ ಬಿಲ್ ಮನ್ನಾ ಮಾಡಿ ಶವ ಹಸ್ತಾಂತರಿಸಿದ್ದೇವೆ’ ಅಂತ ಹಾಕಬೇಕಂತೆ. ಬಿಲ್ ಬಾಕಿ ಇದೆ ಅಂತ ಶವ ಇಟ್ಟುಕೊಳ್ಳುವ ಹಾಗೇ ಇಲ್ಲ, 2017ರಲ್ಲಿ ತಿದ್ದುಪಡಿಯಾದ, ರಾಜ್ಯದ ಖಾಸಗಿ ಆಸ್ಪತ್ರೆಗಳಿಗೆ ಅನ್ವಯಿಸುವ ಕೆಪಿಎಂಇ ಕಾಯ್ದೆಯೇ ಹಾಗೆ ಹೇಳುತ್ತದೆ. ಕಾನೂನು ಪಾಲಿಸಿದ್ದಕ್ಕೆ ನಮ್ಮ ಬೆನ್ನು ನಾವೇ ತಟ್ಟಿಕೊಳ್ಳುವುದು ಬೇಡ ಅಂತ ಬಿಟ್ಟೆವು.

ಇನ್ನು ಸಮಯ. ನರ್ಸ್ ನೋಟ್ಸಿನಲ್ಲಿ 10.40 ಇತ್ತು. ವಾರ್ಡಿನ ಸಿಸಿಟಿವಿಯಲ್ಲಿ ಅವರು ಟ್ರೇ ಹಿಡಿದು ಹೋಗುವುದು 10.46ಕ್ಕೆ. ಎದೆ ಧಸಕ್ಕೆಂದಿತು. ನೋಡಿದರೆ ಕ್ಯಾಮೆರಾದ ಗಡಿಯಾರವೇ ಆರು ನಿಮಿಷ ಮುಂದಿತ್ತು. ನಾಳೆ ಯಾರೋ ಆ ವಿಡಿಯೋ ಹೊರಗೆ ಬಿಟ್ಟರೆ ನಮ್ಮ ಸಮಯ ಸುಳ್ಳು ಅನಿಸುತ್ತದೆ, ಅಲ್ವಾ? ಅದಕ್ಕೇ ಗಡಿಯಾರದ ವ್ಯತ್ಯಾಸವನ್ನೂ ಪ್ರಕಟಣೆಯಲ್ಲೇ ಹೇಳಿದೆವು.

ಮಧ್ಯಾಹ್ನ ಎರಡಕ್ಕೆ ಮೇಡಂ ಮತ್ತು ನಾನು ಕಿಮ್ಸ್‌ಗೆ ಹೋದೆವು. ಪತ್ರಿಕೆಗೆ ಹೋಗುವ ಮೊದಲು ಮನೆಯವರು ಓದಬೇಕು ಅಂತ ಮೇಡಂ ಹಟ. ಅಲರ್ಜಿಯ ವಿಷಯ ಬರೆಯಲು ಅವರ ಒಪ್ಪಿಗೆಯೂ ಬೇಕಿತ್ತು, ರೋಗಿಯ ಗುಟ್ಟು ಆಸ್ಪತ್ರೆಯ ಆಸ್ತಿಯಲ್ಲ. ಶವಾಗಾರದ ಹೊರಗೆ ಮರದ ಕೆಳಗೆ ಮಗ ಕೂತಿದ್ದ, ಇಪ್ಪತ್ತನಾಲ್ಕು ವರ್ಷ ಇರಬಹುದು. ಮೇಡಂ ನೆಲದ ಮೇಲೇ ಕೂತು ಮೊದಲು ಬಾಯಿಂದ ಹೇಳಿದರು, ಆಮೇಲೆ ಹಾಳೆ ಕೊಟ್ಟರು. ಅವನ ಕಾಕಾ ನಮ್ಮನ್ನು ಬೈದರು. ಬೈಸಿಕೊಂಡೆವು. ಅವನು ಮಾತ್ರ ಬೆರಳಿಟ್ಟು ಸಾಲು ಸಾಲಾಗಿ ಓದಿದ.

"ನಾ ಎರಡ ಸಲ ಹೇಳೇನ್ರಿ ಸರ್. ಒಮ್ಮೆ ಓಪಿಡಿಯಾಗ, ಒಮ್ಮೆ ಮ್ಯಾಲೆ ವಾರ್ಡಿನ್ಯಾಗ. ಇದರಾಗ ಒಂದ ಬರದೀರಿ."

ನನ್ನ ಹತ್ತಿರ ಉತ್ತರವಿರಲಿಲ್ಲ. ವಾರ್ಡಿನಲ್ಲಿ ಹೇಳಿದ್ದಕ್ಕೆ ದಾಖಲೆ ಇಲ್ಲ, ಹಾಗಂತ ಅವನು ಹೇಳಲಿಲ್ಲ ಅನ್ನುವುದಕ್ಕೂ ಇಲ್ಲ. "ನೀ ಹಿಂಗ ಹೇಳಿದಿ ಅಂತ ಬರೀಲೇನು ತಮ್ಮಾ?" ಅಂದೆ. "ಬರೀರಿ. ಅವ್ವನ ಹೆಸರು ಬ್ಯಾಡ್ರಿ" ಅಂದ.

ನಾಲ್ಕಕ್ಕೆ ಹೋದ ಪ್ರಕಟಣೆಯ ಶುರು ಹೀಗಿತ್ತು:

‘ನಿನ್ನೆ ರಾತ್ರಿ 11.50ಕ್ಕೆ ನಮ್ಮ ಆಸ್ಪತ್ರೆಯಲ್ಲಿ 52 ವರ್ಷದ ಮಹಿಳೆಯೊಬ್ಬರು ತೀರಿಕೊಂಡರು. ಅವರಿಗೆ ಪೆನ್ಸಿಲಿನ್ ಆಗಿಬರುವುದಿಲ್ಲ ಎಂದು ಮಗ ನಮಗೆ ಹೇಳಿದ್ದರು, ನಮ್ಮ ವೈದ್ಯರು ಬರೆದುಕೊಂಡಿದ್ದರು. ವಾರ್ಡಿನಲ್ಲಿ ನಾವು ಆ ಚೀಟಿ ನೋಡಲಿಲ್ಲ. ವಾರ್ಡಿನಲ್ಲೂ ಮತ್ತೊಮ್ಮೆ ಹೇಳಿದ್ದಾಗಿ ಮಗ ತಿಳಿಸಿದ್ದಾರೆ, ಅದನ್ನು ವಿಚಾರಿಸುತ್ತಿದ್ದೇವೆ. ಸುಮಾರು 10.40ಕ್ಕೆ ನಾವು ಅದೇ ಗುಂಪಿನ ಇಂಜೆಕ್ಷನ್ ಕೊಟ್ಟೆವು. ಹೀಗೆ ಆಗಬಾರದಿತ್ತು. ಮನೆಯವರಲ್ಲಿ ಕ್ಷಮೆ ಕೇಳುತ್ತೇವೆ.’

ಮುಂದೆ ಅಡ್ರಿನಾಲಿನ್ ಕೊಟ್ಟದ್ದು 10.55ಕ್ಕೆ, ಇಷ್ಟು ತಡವಾದದ್ದು ಯಾಕೆ ಎಂದು ಹೊರಗಿನ ವೈದ್ಯರೊಬ್ಬರು ಸೇರಿ ನೋಡುತ್ತಾರೆ, ದಾಖಲೆಗಳ ಪ್ರತಿಯನ್ನು ಮನೆಯವರಿಗೆ ಇವತ್ತೇ ಕೊಟ್ಟಿದ್ದೇವೆ, ಏಳು ದಿನಕ್ಕೆ ಮತ್ತೆ ಹೇಳುತ್ತೇವೆ ಅಂತಿತ್ತು. ದಾಖಲೆ ಕೇಳಿದರೆ 72 ತಾಸಿನೊಳಗೆ ಕೊಡಬೇಕು ಅಂತ ನಿಯಮವೇ ಇದೆ. ನಾವು ಕೇಳುವವರೆಗೂ ಕಾಯಲಿಲ್ಲ, ಅಷ್ಟೇ. ಕೆಳಗೆ ಮೇಡಂ ಹೆಸರು, ಅವರ ಮೊಬೈಲ್ ನಂಬರ್.

ಮರುದಿನ ಒಂದು ಪತ್ರಿಕೆಯಲ್ಲಿ ಸುದ್ದಿ ಬಂತು. ‘ಚಿಕಿತ್ಸೆ ಫಲಕಾರಿಯಾಗದೆ ಮೃತಪಟ್ಟರು’ ಅಂತಲೇ ಇತ್ತು! ಹಳೇ ಗೆಳೆಯನಿಗೆ ಫೋನ್ ಮಾಡಿ ಬೈದೆ. "ಕೈ ತಾನ ಹಂಗ ಬರೀತೈತಿ ಮಾರಾಯ" ಅಂದ. ನಾನು ಸುಮ್ಮನಾದೆ.

ಏಳನೇ ದಿನ ಎರಡನೇ ಪ್ರಕಟಣೆ ಕೊಟ್ಟೆವು. ಅಡ್ರಿನಾಲಿನ್ ಆ ವಾರ್ಡಿನ ಎಮರ್ಜೆನ್ಸಿ ಟ್ರೇಯಲ್ಲಿ ಇತ್ತು. ಆದರೆ ಮೊದಲು ಅದನ್ನೇ ಕೊಡಬೇಕು ಅನ್ನುವ ಸೂಚನೆ ಎಲ್ಲೂ ಅಂಟಿಸಿರಲಿಲ್ಲ, ರಾತ್ರಿ ಪಾಳಿಯವರಿಗೆ ತರಬೇತಿಯೂ ಆಗಿರಲಿಲ್ಲ. ಈಗ ಅಲರ್ಜಿಯನ್ನು ಫೈಲಿನ ಮುಖಪುಟದ ಮೇಲೆ ಕೆಂಪು ಶಾಯಿಯಲ್ಲಿ ಬರೆಯುವುದು ಅಡ್ಮಿಟ್ ಮಾಡಿಕೊಳ್ಳುವ ಡಾಕ್ಟರ ಕೆಲಸ ಅಂತ ನಿಗದಿಯಾಗಿದೆ ಅಂತ ಬರೆದೆವು. ಮಗ ವಾರ್ಡಿನಲ್ಲಿ ಎರಡನೇ ಸಲ ಹೇಳಿದ್ದು ಮಾತ್ರ ಇತ್ಯರ್ಥವಾಗಲಿಲ್ಲ. ಪಾಳಿಯಲ್ಲಿದ್ದ ಮೂವರಲ್ಲಿ ಇಬ್ಬರು ನೆನಪಿಲ್ಲ ಅಂದರು, ಒಬ್ಬರು ಅಳುತ್ತಾ ಕೂತರು. ‘ಅವರು ಹೇಳಿರಲಿಲ್ಲ ಎಂದು ಹೇಳಲು ನಮ್ಮಲ್ಲಿ ಯಾವ ಆಧಾರವೂ ಇಲ್ಲ’ ಅಂತ ಬರೆದು ಕಳಿಸಿದೆವು.