ಹಾಳೆತಟ್ಟೆ ಪಾಲುದಾರಿಕೆ: ಪ್ರಸ್ತಾವದ ಮೂರನೇ ಕರಡು

ಪೆರ್ಲದ ಹತ್ತಿರ ಅಡಿಕೆ ಹಾಳೆಯಿಂದ ತಟ್ಟೆ ಒತ್ತುವ ಸಣ್ಣ ಘಟಕ ನಮ್ಮದು. ಮೆಷಿನ್ ನೋಡಿಕೊಳ್ಳುವುದು ಭಾವ, ಲೆಕ್ಕಪತ್ರ ನನ್ನದು. ಪುತ್ತೂರಿನಲ್ಲಿ ಮದುವೆ ಹಾಲ್‌ಗಳಿಗೂ ಅಡುಗೆಯವರಿಗೂ ತಟ್ಟೆ, ಲೋಟ ಒದಗಿಸುವ ಇನ್ನೊಂದು ಸಣ್ಣ ಸಂಸ್ಥೆಯಿದೆ. ಅವರೊಂದಿಗೆ ವರ್ಷವಿಡೀ ನಡೆಯುವ ವ್ಯವಹಾರಕ್ಕೆ ಪ್ರಸ್ತಾವ ಬರೆಯುತ್ತಿದ್ದೇನೆ. ತಯಾರಿ ನಮ್ಮದು, ಮಾರಾಟ ಅವರದು ಎಂಬಲ್ಲಿಗೆ ಮೊದಲ ಮಾತುಕತೆ ನಿಂತಿತ್ತು. ಅದನ್ನು ಕಾಗದಕ್ಕಿಳಿಸಲು ಕೂತಾಗ ಮೂರು ಕಡೆ ಸಿಕ್ಕಿಕೊಂಡಿತು: ಅಳತೆ, ಮಳೆಗಾಲ, ಬೂಷ್ಟು.

ಮೊದಲು ಅಳತೆ. ಅವರು ಕೇಳಿದ್ದು ತಿಂಗಳಿಗೆ 12 ಇಂಚಿನ 10,000 ತಟ್ಟೆ. "ಮಾರಾಯ್ರೇ, ನಮ್ಮ ಗಿರಾಕಿಗಳಿಗೆ ಬೇಕಾದ್ದು ಊಟದ ತಟ್ಟೆ ಮಾತ್ರ, ಚಿಕ್ಕದ್ದು ನೀವೇ ನೋಡಿಕೊಳ್ಳಿ" ಎಂದರು. ನೋಡಿಕೊಳ್ಳುವುದು ಹೇಗೆ? ಹಾಳೆ ಮರದಿಂದ ಬೀಳುವುದು ತಟ್ಟೆ ಒತ್ತುವ ನಮ್ಮ ಡೈಯ ಅಳತೆ ನೋಡಿ ಅಲ್ಲ. ನಮ್ಮಲ್ಲಿಗೆ ಬರುವ ರಾಶಿಯನ್ನು ವಿಂಗಡಿಸಿದರೆ ನೂರರಲ್ಲಿ ಸುಮಾರು 40 ಹಾಳೆ 12 ಇಂಚಿಗೆ ಸಾಕಾಗುವಷ್ಟು ಅಗಲ ಇರುತ್ತವೆ. 45ರಷ್ಟು 10 ಇಂಚಿಗೆ ಸರಿ. ಉಳಿದವು ಬಟ್ಟಲಿಗೆ, ಇಲ್ಲವೇ ಒಲೆಗೆ. ತೋಟಕ್ಕೆ ಮದ್ದು ಬಿಟ್ಟಾಗ ಮೈಲುತುತ್ತದ ನೀಲಿ ಕಲೆ ಹಿಡಿದ ಹಾಳೆಯನ್ನು ನಾವು ಬಟ್ಟಲಿಗೂ ಹಾಕುವುದಿಲ್ಲ. ಇದನ್ನು ಪ್ರಸ್ತಾವದಲ್ಲೂ ಬರೆದಿದ್ದೇನೆ.

ಹಾಗಾಗಿ 12 ಇಂಚಿನ 10,000 ತಟ್ಟೆ ಬೇಕೆಂದರೆ 25,000 ಹಾಳೆ ಕೊಳ್ಳಬೇಕು. ಹಾಳೆಗೆ ಒಂದೂವರೆ ರೂಪಾಯಿ ಹಿಡಿದರೆ 37,500 ರೂಪಾಯಿ. ಅವರು ದೊಡ್ಡದನ್ನಷ್ಟೇ ಎತ್ತಿಕೊಂಡು, ಉಳಿದದ್ದಕ್ಕೆ ನಮಗೆ ಗಿರಾಕಿ ಸಿಗದೆ ಹೋದರೆ ಒಂದು ತಟ್ಟೆಗೆ ಹಾಳೆಯ ಖರ್ಚೇ 3.75 ರೂಪಾಯಿ. ಅದೇ ರಾಶಿಯಲ್ಲಿ ಬರುವ 10 ಇಂಚಿನ 11,250 ತಟ್ಟೆಯನ್ನೂ ಅವರು ಒಯ್ದರೆ ಖರ್ಚು 21,250 ತಟ್ಟೆಗೆ ಹಂಚಿ, ತಟ್ಟೆಗೆ 1.76ಕ್ಕೆ ಇಳಿಯುತ್ತದೆ. ಎರಡು ಅಳತೆಗೂ ಒಂದೇ ಹಾಳೆ ಖರ್ಚು ಹಾಕುವುದು ಒರಟು ಲೆಕ್ಕ ಹೌದು, ಆದರೆ ದರ ಯಾಕೆ ಎರಡು ಬಗೆ ಎಂದು ತಿಳಿಸಲು ಇಷ್ಟು ಸಾಕು. ಲೆಕ್ಕವನ್ನು ಹಾಗೆಯೇ ಕರಡಿನಲ್ಲಿಟ್ಟೆ. "ಜೋಡಿ ಒಯ್ದರೆ ಈ ದರ, ದೊಡ್ಡದು ಮಾತ್ರ ಒಯ್ದರೆ ಆ ದರ" ಎಂದು ಎರಡು ಕಾಲಂ. ಚೌಕಾಸಿ ಅಲ್ಲಿಗೆ ನಿಂತಿತು. ಸಂಜೆಯ ತಿಂಡಿಗೆ 10 ಇಂಚಿನದು ಹೋಗುತ್ತದೆ, ಜೋಡಿಯೇ ಇರಲಿ ಎಂದು ಅವರೇ ಹೇಳಿದರು.

ಎರಡನೆಯದು ಮಳೆಗಾಲ. ಒಣಗಿದ, ಗಟ್ಟಿ ಹಾಳೆ ಸಿಗುವುದು ಬೇಸಿಗೆಯಲ್ಲಿ. ಜೂನ್ ಬಂದ ಮೇಲೆ ತೋಟದಲ್ಲಿ ಬಿದ್ದದ್ದು ನೆನೆದು, ಕಪ್ಪಾಗಿ, ಒತ್ತಿದರೆ ಬಿರಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳ ಒಂದು ಲಕ್ಷ ಹಾಳೆಯನ್ನು ಮೇ ಮುಗಿಯುವುದರೊಳಗೆ ಕೊಂಡು ಅಟ್ಟದಲ್ಲಿಡಬೇಕು. ಅಂದರೆ ಒಂದೂವರೆ ಲಕ್ಷ ರೂಪಾಯಿ ನಾಲ್ಕಾರು ತಿಂಗಳು ಅಟ್ಟದಲ್ಲೇ ಮಲಗಿರುತ್ತದೆ. ತಟ್ಟೆ ವರ್ಷವಿಡೀ ಬೇಕೆನ್ನುವವರು ಈ ಭಾರದಲ್ಲಿ ಅರ್ಧ ಹೊರಬೇಕು ಎನ್ನುವುದು ನಮ್ಮ ಬೇಡಿಕೆ. 75,000 ರೂಪಾಯಿ ಮುಂಗಡ, ಜೂನ್‌ನಿಂದ ಒಯ್ಯುವ ಪ್ರತಿ ತಟ್ಟೆಯ ಬಿಲ್ಲಿನಲ್ಲಿ ಒಂದು ರೂಪಾಯಿಯಂತೆ ಮುರಿಯುವುದು. ಆ ದಾಸ್ತಾನಿನಿಂದ ಎರಡೂ ಅಳತೆ ಸೇರಿ 85,000 ತಟ್ಟೆ ಬರುವುದರಿಂದ ಹಾಳೆ ಮುಗಿಯುವ ಮೊದಲೇ ಮುಂಗಡ ತೀರುತ್ತದೆ.

ಅವರು ಕೇಳಿದ ಪ್ರಶ್ನೆ ಸರಿಯಾದದ್ದೇ: ಅಟ್ಟದಲ್ಲಿ ಹಾಳೆ ಹಾಳಾದರೆ? ದಾಸ್ತಾನು ನಮ್ಮ ಜವಾಬ್ದಾರಿ, ಮುಂಗಡ ಮಾತ್ರ ಅವರದ್ದು ಎಂದು ಬರೆದುಕೊಟ್ಟೆ. ಅವರು ಒಪ್ಪಿದಷ್ಟು ತಟ್ಟೆ ಒಯ್ಯದಿದ್ದರೆ ಉಳಿದ ಮುಂಗಡ ಡಿಸೆಂಬರ್ ನಂತರವೇ ವಾಪಸು.

ಹೆಚ್ಚು ಹೊತ್ತು ತೆಗೆದುಕೊಂಡದ್ದು ಮೂರನೆಯದು. ಬೂಷ್ಟು ಹಿಡಿದ ತಟ್ಟೆ ವಾಪಸು ಬಂದರೆ ನಷ್ಟ ಯಾರದು? ತೊಳೆದ ಹಾಳೆಯನ್ನು ಒದ್ದೆ ಇರುವಾಗಲೇ ಬಿಸಿ ಡೈಯಲ್ಲಿ ಒತ್ತುತ್ತೇವೆ. ಹೊರಬರುವಾಗ ಮೇಲ್ಮೈ ಒಣಗಿ ಕಂಡರೂ ದಪ್ಪದ ಕಡೆ ತೇವ ಉಳಿದಿರುತ್ತದೆ. ಬಿಸಿ ಆರುವ ಮೊದಲು ಪ್ಲಾಸ್ಟಿಕ್‌ನಲ್ಲಿ ಕಟ್ಟಿದರೆ ಒಳಗೆ ಬೆವರುತ್ತದೆ, ಕೆಲವು ದಿನಗಳಲ್ಲಿ ಒಳಮೈಯಲ್ಲಿ ಬೂದು ಚುಕ್ಕೆ ಏಳುತ್ತದೆ. ಇದು ನಮ್ಮ ತಪ್ಪು. ಒಣಗಿದ ತಟ್ಟೆಯನ್ನು ಅವರು ಮಳೆಗಾಲದಲ್ಲಿ ಗೋದಾಮಿನ ಸಿಮೆಂಟು ನೆಲದ ಮೇಲೆ ನೇರ ಪೇರಿಸಿದರೆ ಅಡಿಯ ಕಟ್ಟಿನಲ್ಲಿ ಅದೇ ಚುಕ್ಕೆ. ಇದು ಅವರದು. ಚುಕ್ಕೆ ನೋಡಿ ಯಾವುದೆಂದು ಹೇಳಲಾಗದು. ಹಾಗಾಗಿ ಒಪ್ಪಿಸುವ ಹೊತ್ತಿಗೇ ತೇವ ಅಳೆದು ಸಹಿ ಹಾಕಿಬಿಡಬೇಕು.

ಅವರ ಬಳಿ ಎರಡು ಮುಳ್ಳು ಚುಚ್ಚಿ ನೋಡುವ ತೇವದ ಮೀಟರಿದೆ. ಅದು ಮರದ ಹಲಗೆಗೆ ಹೊಂದಿಸಿದ್ದು. ಹಾಳೆಯಲ್ಲಿ ಅದು ತೋರಿಸುವ ಅಂಕಿ ಒಂದು ಕಟ್ಟನ್ನು ಇನ್ನೊಂದರ ಜೊತೆ ಹೋಲಿಸಲು ಸಾಕು, ಒಪ್ಪಂದದಲ್ಲಿ ಬರೆಯಲು ಸಾಲದು. ಬದಲಿಗೆ ತೂಕದ ಕ್ರಮ ಇಟ್ಟೆವು. ಬೇರೆ ಬೇರೆ ಕಟ್ಟಿನ ತಟ್ಟೆಗಳಿಂದ ಚೂರು ಕತ್ತರಿಸಿ 50 ಗ್ರಾಂ ತೂಗುವುದು. 105 ಡಿಗ್ರಿ ಸೆಲ್ಸಿಯಸ್‌ನ ಓವನ್‌ನಲ್ಲಿಟ್ಟು, ತೂಕ ಇಳಿಯುವುದು ನಿಲ್ಲುವ ತನಕ ಒಣಗಿಸುವುದು. 45.5 ಗ್ರಾಂಗೆ ನಿಂತರೆ ಹೋದದ್ದು 4.5 ಗ್ರಾಂ ನೀರು. ಇದನ್ನು ಮೊದಲಿನ 50ರಿಂದ ಭಾಗಿಸಿದರೆ ಶೇ. 9, ಒಣಗಿದ 45.5ರಿಂದ ಭಾಗಿಸಿದರೆ ಶೇ. 9.9. ಮರದವರು ಎರಡನೆಯ ಲೆಕ್ಕ ಹಿಡಿಯುತ್ತಾರೆ. ಒಪ್ಪಂದದ ಮಿತಿ ಶೇ. 10 ಎಂದಿರುವಾಗ ಈ ವ್ಯತ್ಯಾಸಕ್ಕೇ ಒಂದು ಲೋಡು ವಾಪಸು ಬರಬಹುದು. ಆದ್ದರಿಂದ "ಒಣಗಿಸುವ ಮೊದಲಿನ ತೂಕದ ಮೇಲೆ ಶೇ. 10" ಎಂದು ಬಿಡಿಸಿ ಬರೆದೆ. ಮಿತಿಯೊಳಗೆ ಇಳಿದ ಕಟ್ಟು ಅವರದು, ಮೀರಿದ್ದನ್ನು ನಮ್ಮ ಖರ್ಚಿನಲ್ಲಿ ವಾಪಸು ತರುತ್ತೇವೆ. ನೆಲದಿಂದ ಮೇಲಕ್ಕೆ ಹಲಗೆ ಹಾಕಿ ಪೇರಿಸುವುದು ಅವರ ಕೆಲಸ.

ಉಳಿದವು ಬೇಗ ಮುಗಿದವು. ಅವರ ಹೆಸರಿನ ಗುರುತಿರುವ ಡೈ ಅವರದೇ ಆಸ್ತಿ, ಅದರಲ್ಲಿ ಬೇರೆಯವರಿಗೆ ಒತ್ತುವುದಿಲ್ಲ. ಹಾಳೆಯೂ ಅವರೇ ಕೊಟ್ಟು ನಾವು ಕೂಲಿಗೆ ಒತ್ತಿಕೊಡುವ ಕ್ರಮ ಬೇಡ ಎಂದೆ. ಎಲೆ, ಹಾಳೆಗಳ ತಟ್ಟೆಗೆ 2019ರ ಅಕ್ಟೋಬರ್‌ನಿಂದ ಜಿಎಸ್‌ಟಿ ಇಲ್ಲ, ಆದರೆ ಕೂಲಿಗೆ ಒತ್ತಿದರೆ ಅದು ಸೇವೆಯಾಗಿ ಬೇರೆಯೇ ಲೆಕ್ಕ. ತಟ್ಟೆಯಾಗಿಯೇ ಮಾರುವುದು ಸುಲಭ. ರಫ್ತಿನ ಪ್ಯಾರಾವನ್ನು ಪೂರ್ತಿ ತೆಗೆದೆವು. ಅಡಿಕೆ ಹಾಳೆಯ ತಟ್ಟೆ ಆಹಾರಕ್ಕೆ ತಾಗುವಂತೆ ಬಳಸತಕ್ಕದ್ದಲ್ಲ ಎಂದು ಅಮೆರಿಕದ ಎಫ್‌ಡಿಎ 2025ರ ಮೇ ತಿಂಗಳಲ್ಲಿ ಹೇಳಿದ ಮೇಲೆ ಆ ದಾರಿ ನಂಬಿ ಮೆಷಿನ್ ಕೊಳ್ಳುವ ಧೈರ್ಯ ಇಬ್ಬರಿಗೂ ಇಲ್ಲ.

ಹಣ ಪಾವತಿಗೆ ಅವರು 60 ದಿನ ಕೇಳಿದ್ದರು. ನಮ್ಮದು ಉದ್ಯಮ್ ನೋಂದಣಿ ಇರುವ ಘಟಕ. 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಬರೆದು ಒಪ್ಪಿಕೊಂಡರೂ 45 ದಿನ ಮೀರುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ಚಕ್ರಬಡ್ಡಿ. ಫೋನಿನಲ್ಲಿ ಹೇಳಿದರೆ ಬೆದರಿಕೆಯಂತೆ ಕೇಳಿಸುತ್ತದೆಂದು ಅವರ ಲೆಕ್ಕಿಗರಿಗೇ ಬರೆದು ಕಳಿಸಿದೆ. ಈಗ 30 ದಿನಕ್ಕೆ ಬಂದಿದ್ದಾರೆ.

ಬಾಕಿ ಇರುವುದು ಒಂದೇ ಕಲಂ. ಪುತ್ತೂರು, ಸುಳ್ಯ ತಾಲೂಕುಗಳಲ್ಲಿ ನಾವು ಬೇರೆಯವರಿಗೆ ಮಾರಬಾರದು ಎನ್ನುತ್ತಾರೆ. ತಿಂಗಳ ಕನಿಷ್ಠ ಖರೀದಿಯನ್ನು ಅವರು ಬರೆದುಕೊಟ್ಟರೆ ಆಯಿತು, ಇಲ್ಲವಾದರೆ ಇಲ್ಲ ಎನ್ನುವುದು ಭಾವನ ಪಟ್ಟು. ಪಂಚಾಯತಿನ ಲೈಸೆನ್ಸ್ ಪ್ರತಿ, ಎರಡೂ ಅಳತೆಯ ಹತ್ತು ಹತ್ತು ಮಾದರಿ ತಟ್ಟೆ ಮತ್ತು ಮೂರನೇ ಕರಡು ಸೋಮವಾರದ ಬಸ್ಸಿನಲ್ಲಿ ಹೋಗುತ್ತವೆ.