ವೆಬ್‌ಸೈಟ್ ನೋಡಿ ಎಂ.ಡಿ. ಹೆಸರು ಬರೆದೆ, ಲಾರಿ ಗೇಟಿನಲ್ಲೇ ನಿಂತಿತು

ಹಾಸನದ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನ ಆಫೀಸಿನಲ್ಲಿ ನನ್ನ ಕೆಲಸ. ತೋಟದಿಂದಲೋ ವ್ಯಾಪಾರಿಗಳಿಂದಲೋ ಬಂದ ಕಾಫಿಯನ್ನು ಸಿಪ್ಪೆ ತೆಗೆದು, ಗ್ರೇಡ್ ಮಾಡಿ ಕೊಡುವುದು ನಮ್ಮ ವ್ಯವಹಾರ. ಆ ಕಾಫಿಯ ಹಿಂದೆ ಓಡಾಡುವ ಕಾಗದಗಳೆಲ್ಲ ನನ್ನ ಟೇಬಲ್ ಮೇಲೆ ಬಂದು ಬೀಳುತ್ತವೆ.

ಏಪ್ರಿಲ್ ಬಂತೆಂದರೆ ವರ್ಷದ ಅಗ್ರಿಮೆಂಟ್‌ಗಳನ್ನು ಹೊಸದಾಗಿ ಮಾಡಬೇಕು. ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿ ನಮ್ಮಲ್ಲಿ ಜಾಬ್‌ವರ್ಕ್ ಮಾಡಿಸುತ್ತಿತ್ತು. ಓನರ್ರು ಫೋನಿನಲ್ಲಿದ್ದುಕೊಂಡೇ, "ಏನಮ್ಮಾ, ಅವರದ್ದು ಹಳೇ ಅಗ್ರಿಮೆಂಟ್ ತೆಗೆದು ದಿನಾಂಕ ಬದಲಾಯಿಸಿ ಕಳಿಸ್ಬಿಡು" ಅಂದರು. ನಾನು ಅಷ್ಟಕ್ಕೇ ಬಿಡಲಿಲ್ಲ. ಹಳೇ ಅಗ್ರಿಮೆಂಟ್‌ನಲ್ಲಿದ್ದವರೇ ಈಗಲೂ ಎಂ.ಡಿ. ಆಗಿದ್ದಾರಾ ಎಂದು ನೋಡೋಣ ಅನ್ನಿಸಿತು. ಕಂಪನಿಯ ವೆಬ್‌ಸೈಟ್ ತೆರೆದೆ. ಫೋಟೋ ಇತ್ತು, ಕೆಳಗೆ ಹೆಸರು ಇತ್ತು, ಪುಟದ ತುದಿಯಲ್ಲಿ ಆ ವರ್ಷದ ಇಸವಿಯೂ ಇತ್ತು. ಗೂಗಲ್‌ನಲ್ಲೂ ಅದೇ ಹೆಸರು ಬಂತು. ಇನ್ನೇನು ಬೇಕು? ಇ-ಸ್ಟಾಂಪ್ ಪೇಪರ್ ತರಿಸಿ, ಮೊದಲ ಪುಟದಲ್ಲೇ ಅವರ ಹೆಸರು ಹಾಕಿ ಪ್ರಿಂಟ್ ತೆಗೆದು, ನಮ್ಮ ಕಡೆಯ ಸಹಿ ಮಾಡಿಸಿ ಕೊರಿಯರ್ ಮಾಡಿದೆ.

ನಾಲ್ಕು ದಿನ ಕಳೆದು ಅವರ ಖರೀದಿ ವಿಭಾಗದಿಂದ ಫೋನ್. "ಮೇಡಂ, ಅವರು ಮಾರ್ಚ್‌ಗೇ ಬಿಟ್ಟರಲ್ಲ. ಈಗಿನವರು ಇನ್ನೊಬ್ಬರ ಹೆಸರಿನ ಮೇಲೆ ಹೇಗೆ ಸಹಿ ಹಾಕ್ತಾರೆ?"

ಅದೇ ಹೊತ್ತಿಗೆ ಅವರ ಮೊದಲ ಲೋಡ್ ರೊಬಸ್ಟಾ ಚೆರ್ರಿ ಗೇಟಿಗೆ ಬಂದು ನಿಂತಿತ್ತು. ಅಗ್ರಿಮೆಂಟ್ ಇಲ್ಲದೆ ಮೂಟೆ ಇಳಿಸುವ ಹಾಗಿಲ್ಲ, ಅದು ನಮ್ಮಲ್ಲಿ ಕಟ್ಟುನಿಟ್ಟು. ಸಂಜೆ ಗುಡುಗು ಶುರುವಾಯಿತು. ಡ್ರೈವರ್ ಮತ್ತು ನಮ್ಮ ವಾಚ್‌ಮನ್ ಸೇರಿ ಲಾರಿಗೆ ಇನ್ನೊಂದು ಟಾರ್ಪಾಲ್ ಎಳೆದು ಹಗ್ಗ ಬಿಗಿಯುತ್ತಿದ್ದರು. ನಾನು ಕಿಟಕಿಯಲ್ಲಿ ನಿಂತು ಅದನ್ನೇ ನೋಡುತ್ತಿದ್ದೆ. ಒಣಗಿದ ಕಾಫಿ ನೆಂದರೆ ಏನಾಗುತ್ತದೆ ಎಂದು ಈ ಊರಿನಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ.

ನನ್ನ ಪೆದ್ದುತನ ಅಂದುಕೊಂಡು ಆಡಿಟರ್ ಹತ್ತಿರ ಹೋದೆ. ಅವರು ಬೈಯಲಿಲ್ಲ. ಕಂಪ್ಯೂಟರ್ ತಮ್ಮ ಕಡೆ ತಿರುಗಿಸಿಕೊಂಡು, ಕಂಪನಿ ವ್ಯವಹಾರಗಳ ಸಚಿವಾಲಯದ ತಾಣ mca.gov.in ತೆರೆದರು. ಲಾಗಿನ್ ಮಾಡಿ, ಆ ಕಂಪನಿಯ ಸಿಐಎನ್ ಹಾಕಿ, Master Data ಪುಟ ತೆಗೆದರು. ಸಿಐಎನ್ ಅಂದರೆ ಕಂಪನಿಗೆ ನೋಂದಣಿಯಾದಾಗ ಸಿಗುವ 21 ಅಕ್ಷರ-ಅಂಕಿಗಳ ಗುರುತು. ಅದನ್ನು ಹುಡುಕಲು ಒದ್ದಾಡಬೇಕಿಲ್ಲ, ಕಂಪನಿಯ ಲೆಟರ್‌ಹೆಡ್‌ನಲ್ಲಿ ಅದು ಇರಲೇಬೇಕು ಎಂದು ಕಂಪನಿ ಕಾಯ್ದೆಯೇ ಹೇಳುತ್ತದೆ. ಹೆಸರು ಹಾಕಿ ಹುಡುಕುವುದಕ್ಕಿಂತ ಇದು ಒಳ್ಳೆಯದು. ಒಂದೇ ಥರದ ಹೆಸರಿನ ಕಂಪನಿಗಳು ಎಷ್ಟೋ ಇರುತ್ತವೆ.

ಈಗ ಸತ್ಯ ಗೊತ್ತಾಗುತ್ತದೆ ಎಂದು ನಾನು ಕಾದೆ. ಆದರೆ ಅಲ್ಲೂ ಹಳೇ ಎಂ.ಡಿ. ಹೆಸರೇ ಇತ್ತು!

"ಸರ್, ಸರ್ಕಾರಿ ಸೈಟ್‌ನಲ್ಲೇ ಹೀಗಿದೆಯಲ್ಲ, ಹಾಗಾದ್ರೆ ಅವರೇ ಎಂ.ಡಿ. ಅಲ್ವಾ?" ಅಂದೆ.

"ಇದು ಕಂಪನಿ ಹೇಳಿದ್ದನ್ನು ತೋರಿಸುತ್ತೆ ಅಷ್ಟೇ. ಹೇಳೋಕೆ ಅವರಿಗೆ ಟೈಮ್ ಇದೆ" ಅಂದರು ಆಡಿಟರ್.

ನಾನು ಆವತ್ತು ಕಲಿತದ್ದು ಆ ಟೈಮಿನ ಲೆಕ್ಕ. ನಿರ್ದೇಶಕರೊಬ್ಬರು ಬಂದರೂ ಹೋದರೂ ಕಂಪನಿ DIR-12 ಎಂಬ ಫಾರಂ ಸಲ್ಲಿಸಬೇಕು. ಅದಕ್ಕೆ 30 ದಿನ ಗಡುವು. ತಡವಾದರೆ ಹೆಚ್ಚಿನ ಶುಲ್ಕ ಕಟ್ಟಿ ಆಮೇಲೂ ಸಲ್ಲಿಸಬಹುದು. ಆದರೆ ರಾಜೀನಾಮೆ ಜಾರಿಯಾಗುವುದು ಫಾರಂ ಹೋದ ದಿನ ಅಲ್ಲ. ರಾಜೀನಾಮೆ ಪತ್ರ ಕಂಪನಿಗೆ ಸಿಕ್ಕ ದಿನ, ಪತ್ರದಲ್ಲಿ ಬರೆದ ದಿನ, ಈ ಎರಡರಲ್ಲಿ ಯಾವುದು ತಡವೋ ಆ ದಿನ.

ನಮ್ಮ ಪ್ರಕರಣಕ್ಕೆ ಇದನ್ನು ಹಾಕಿ ನೋಡಿ. ಹಳಬರು ಪತ್ರ ಕೊಟ್ಟದ್ದು ಮಾರ್ಚ್ 5ಕ್ಕೆ. ಅದರಲ್ಲಿ ಮಾರ್ಚ್ 31ರಿಂದ ಬಿಡುತ್ತೇನೆ ಎಂದು ಬರೆದಿದ್ದರು. ಹೊಸಬರನ್ನು ಬೋರ್ಡ್ ನೇಮಿಸಿದ್ದು ಏಪ್ರಿಲ್ 8ಕ್ಕೆ. ನಾನು ವೆಬ್‌ಸೈಟ್ ನೋಡಿದ್ದು ಏಪ್ರಿಲ್ 12ಕ್ಕೆ. ಕಂಪನಿ ಫಾರಂ ಸಲ್ಲಿಸಿದ್ದು 28ಕ್ಕೆ. ಅವರು ನಿಯಮ ಮೀರಲಿಲ್ಲ, ಗಡುವಿನೊಳಗೇ ಸಲ್ಲಿಸಿದ್ದಾರೆ. ಆದರೂ ಸುಮಾರು ನಾಲ್ಕು ವಾರ ಸರ್ಕಾರಿ ಪಟ್ಟಿಯಲ್ಲಿ ಹೋದವರ ಹೆಸರೇ ಕೂತಿತ್ತು. ನಾನು ಸರಿಯಾಗಿ ಆ ಗುಂಡಿಯಲ್ಲೇ ಕಾಲಿಟ್ಟಿದ್ದೆ.

ಹಾಗಂತ ಆ ಪುಟ ಉಪಯೋಗಕ್ಕಿಲ್ಲ ಎಂದಲ್ಲ. ಪ್ರತಿ ನಿರ್ದೇಶಕರ ಹೆಸರಿನ ಎದುರು ನೇಮಕವಾದ ದಿನ ಇರುತ್ತದೆ, ಅದನ್ನು ಓದಬೇಕು. ಜತೆಗೆ ಕಂಪನಿಯ ಕೊನೆಯ ವಾರ್ಷಿಕ ಸಭೆ ಯಾವಾಗ ನಡೆಯಿತು, ಕೊನೆಯ ಬ್ಯಾಲೆನ್ಸ್ ಶೀಟ್ ಯಾವ ದಿನದ್ದು ಎಂದೂ ಅಲ್ಲಿರುತ್ತದೆ. ನಾನು ಈಗ ಮೊದಲು ಕಣ್ಣು ಹಾಕುವುದೇ ಅದಕ್ಕೆ. ಎರಡು ವರ್ಷದ ಹಿಂದಿನ ಸಭೆಯ ದಿನಾಂಕ ಇನ್ನೂ ಅಲ್ಲೇ ಇದೆ ಅಂದರೆ ಆ ಕಂಪನಿ ಲೆಕ್ಕಪತ್ರವನ್ನೇ ಸಲ್ಲಿಸುತ್ತಿಲ್ಲ. ಅಂಥವರು ನಿರ್ದೇಶಕರ ಬದಲಾವಣೆಯನ್ನು ಮಾತ್ರ ನಿಯತ್ತಾಗಿ ತಿಳಿಸಿರುತ್ತಾರಾ? ಅನುಮಾನ ಬಂದರೆ 100 ರೂಪಾಯಿ ಕಟ್ಟಿ ಆ ಕಂಪನಿ ಸಲ್ಲಿಸಿದ ಫಾರಂಗಳನ್ನೇ ತೆರೆದು ನೋಡಬಹುದು.

ಇನ್ನು ವೆಬ್‌ಸೈಟ್ ವಿಷಯ. ಪುಟದ ತುದಿಯಲ್ಲಿ ಆ ವರ್ಷದ ಇಸವಿ ನೋಡಿ ನಾನು ನಂಬಿದೆನಲ್ಲ, ಆಮೇಲೆ ನಮ್ಮ ಸೈಟ್ ಮಾಡಿಕೊಟ್ಟ ಹುಡುಗ ನಕ್ಕ. "ಅಕ್ಕಾ, ಆ ಇಸವಿ ಜನವರಿ ಒಂದಕ್ಕೆ ತಾನೇ ಬದಲಾಗುತ್ತೆ. ಯಾರೂ ಮುಟ್ಟೋದೇ ಇಲ್ಲ" ಅಂದ. ಅಂದರೆ ಒಳಗಿನ ಫೋಟೋ ಐದು ವರ್ಷದ ಹಿಂದಿನದಾದರೂ ಕೆಳಗಿನ ಇಸವಿ ಹೊಸದೇ. ಗೂಗಲ್‌ನಲ್ಲಿ ಪಕ್ಕದಲ್ಲಿ ಬರುವ ಹೆಸರಿಗಂತೂ ಎಷ್ಟೋ ಸಲ ದಿನಾಂಕವೇ ಇರುವುದಿಲ್ಲ. ಲಿಂಕ್ಡ್‌ಇನ್‌ನಲ್ಲಿ ಆ ಮನುಷ್ಯ ತಾನೇ ಬದಲಾಯಿಸುವ ತನಕ ಹಳೇ ಕೆಲಸದಲ್ಲೇ ಇರುತ್ತಾನೆ. ಜಿಎಸ್‌ಟಿ ಸರ್ಟಿಫಿಕೇಟ್‌ನ ಕೊನೆಯ ಪುಟದಲ್ಲೂ ನಿರ್ದೇಶಕರ ಹೆಸರು ಬರುತ್ತದೆ. ನಮ್ಮ ಫೈಲಿನಲ್ಲಿ ಅದರ ಜೆರಾಕ್ಸ್ ಇತ್ತು, ಆದರೆ ಮೂರು ವರ್ಷದ ಹಿಂದೆ ತರಿಸಿಕೊಂಡದ್ದು. ಹೀಗೆ ನಾಲ್ಕು ಕಡೆ ಒಂದೇ ಹೆಸರು ಸಿಕ್ಕಿತು ಎಂದು ಧೈರ್ಯ ಬರುತ್ತದೆ. ನಾಲ್ಕೂ ಹಳೇ ಕಾಗದ ಆಗಿದ್ದರೆ ಹೆಸರು ಒಂದೇ ಬರದೆ ಇನ್ನೇನು ಬರುತ್ತದೆ?

ಷೇರು ಪೇಟೆಯಲ್ಲಿರುವ ಕಂಪನಿಗಳಾದರೆ ಕೆಲಸ ಸುಲಭ. ಅವರು ಇಂಥ ಬದಲಾವಣೆಯನ್ನು ಗಂಟೆಗಳ ಲೆಕ್ಕದಲ್ಲಿ ಬಿಎಸ್‌ಇ, ಎನ್‌ಎಸ್‌ಇಗೆ ತಿಳಿಸಬೇಕು. ಆ ತಾಣಗಳಲ್ಲಿ ಕಂಪನಿಯ ಹೆಸರು ಹಾಕಿದರೆ ಪ್ರಕಟಣೆಗಳು ದಿನಾಂಕದ ಜತೆ ಸಾಲಾಗಿ ಬರುತ್ತವೆ. ಅಲ್ಲೂ ಒಂದು ಎಡವಟ್ಟಿದೆ. ಪ್ರಕಟಿಸಿದ ದಿನವೇ ಬೇರೆ, ಅಧಿಕಾರ ವಹಿಸಿಕೊಳ್ಳುವ ದಿನವೇ ಬೇರೆ. ಇನ್ಫೋಸಿಸ್‌ನಲ್ಲಿ ವಿಶಾಲ್ ಸಿಕ್ಕಾ 2017ರ ಆಗಸ್ಟ್ 18ರಂದು ರಾಜೀನಾಮೆ ಕೊಟ್ಟರು. ಪ್ರವೀಣ್ ರಾವ್ ಹಂಗಾಮಿಯಾಗಿ ಸಿಇಒ ಆದರು. ಸಲೀಲ್ ಪಾರೇಖ್ ಹೆಸರು ಪ್ರಕಟವಾದದ್ದು ಡಿಸೆಂಬರ್ 2ಕ್ಕೆ, ಅವರು ಬಂದು ಕೂತದ್ದು 2018ರ ಜನವರಿ 2ಕ್ಕೆ. ಡಿಸೆಂಬರ್ 3ರ ಪೇಪರ್ ಓದಿ ಯಾರಾದರೂ "ಸಿಇಒ ಸಲೀಲ್ ಪಾರೇಖ್" ಎಂದು ಪತ್ರ ಬರೆದಿದ್ದರೆ ಅದು ಒಂದು ತಿಂಗಳು ಮುಂಚೆ. ಸುದ್ದಿ ಹೊಸದೇ, ಆದರೂ ಪತ್ರ ತಪ್ಪು.

ನಮ್ಮ ಪಕ್ಕದ ಜಿಲ್ಲೆಯ ವಿಷಯ ಎಲ್ಲರಿಗೂ ನೆನಪಿದೆ. 2019ರ ಜುಲೈ ಕೊನೆಯಲ್ಲಿ ವಿ.ಜಿ. ಸಿದ್ಧಾರ್ಥ ತೀರಿಕೊಂಡಾಗ ಕಾಫಿ ಡೇಗೆ ರಾಜ್ಯದ ಮಾಜಿ ಮುಖ್ಯ ಕಾರ್ಯದರ್ಶಿ ಎಸ್.ವಿ. ರಂಗನಾಥ್ ಹಂಗಾಮಿ ಅಧ್ಯಕ್ಷರಾದರು. ಮಾಳವಿಕಾ ಹೆಗ್ಡೆ ಸಿಇಒ ಆದದ್ದು 2020ರ ಡಿಸೆಂಬರ್‌ನಲ್ಲಿ. ಮೊದಲು ಅಧ್ಯಕ್ಷ, ಎಂ.ಡಿ. ಎರಡೂ ಒಬ್ಬರೇ ಆಗಿದ್ದ ಕಂಪನಿ ಅದು. ಆಮೇಲೆ "ಮುಖ್ಯಸ್ಥರು ಯಾರು" ಎಂಬ ಒಂದೇ ಪ್ರಶ್ನೆ ಎರಡು ಪ್ರಶ್ನೆ ಆಯಿತು. ಅಧ್ಯಕ್ಷರು ಬೋರ್ಡ್ ನಡೆಸುವವರು, ಸಿಇಒ ದಿನದ ಕೆಲಸ ನಡೆಸುವವರು. ಹಾಗಾಗಿ ಹೆಸರಿನ ಜತೆ ಹುದ್ದೆಯನ್ನೂ ಸರಿಯಾಗಿ ಕೇಳಬೇಕು.

ಪ್ರೈವೇಟ್ ಲಿಮಿಟೆಡ್‌ಗಳಲ್ಲಿ ಈ ಹುದ್ದೆಯ ಗೊಂದಲ ಜಾಸ್ತಿ. ವಿಸಿಟಿಂಗ್ ಕಾರ್ಡ್‌ನಲ್ಲಿ ಸಿಇಒ ಎಂದಿರುತ್ತದೆ, ಸಚಿವಾಲಯದ ಪಟ್ಟಿಯಲ್ಲಿ ಹೆಸರೇ ಇರುವುದಿಲ್ಲ. ಮೋಸ ಎಂದು ಹಾರಾಡಬೇಡಿ. ಸಿಇಒ ಆದವರು ನಿರ್ದೇಶಕರೂ ಆಗಿರಬೇಕು ಎಂದೇನಿಲ್ಲ. ಆದರೆ ಅವರ ಸಹಿ ಕಂಪನಿಯನ್ನು ಕಟ್ಟಿಹಾಕುತ್ತದಾ ಎಂಬುದು ಆ ಕಾರ್ಡಿನಿಂದ ಗೊತ್ತಾಗುವುದಿಲ್ಲ.

ಅದಕ್ಕೆ ಆಡಿಟರ್ ಹೇಳಿಕೊಟ್ಟ ದಾರಿ, ಅವತ್ತು ಸಂಜೆಯೇ ನಾನು ಮಾಡಿದ್ದು: ಬೋರ್ಡ್ ರೆಸಲ್ಯೂಷನ್ ಕೇಳುವುದು. ಇಂಥವರು ಈ ಅಗ್ರಿಮೆಂಟ್‌ಗೆ ಸಹಿ ಮಾಡಬಹುದು ಎಂದು ಕಂಪನಿಯ ಬೋರ್ಡ್ ಮಾಡಿದ ನಿರ್ಣಯದ ದೃಢೀಕೃತ ಪ್ರತಿ ಅದು. ಅದರಲ್ಲಿ ಸಭೆಯ ದಿನ, ಸಹಿ ಮಾಡುವವರ ಹೆಸರು, ಹುದ್ದೆ, ಏತಕ್ಕೆ ಅಧಿಕಾರ ಎಂದು ನಾಲ್ಕೂ ಇರಬೇಕು. ಪ್ರತಿಯನ್ನು ದೃಢೀಕರಿಸುವವರು ಇನ್ನೊಬ್ಬ ನಿರ್ದೇಶಕರೋ ಕಂಪನಿ ಸೆಕ್ರೆಟರಿಯೋ ಆಗಿದ್ದರೆ ಚೆನ್ನ. ತನಗೆ ಅಧಿಕಾರ ಇದೆ ಎಂದು ತಾನೇ ಸಹಿ ಮಾಡಿ ಕೊಡುವುದಕ್ಕೆ ಏನು ಬೆಲೆ? ಫೋನ್ ಮಾಡುವಾಗಲೂ ಪತ್ರ ಕಳಿಸಿದವರ ಮೊಬೈಲ್‌ಗೆ ಮಾಡಬೇಡಿ, ಕಂಪನಿಯ ನೋಂದಾಯಿತ ಕಚೇರಿಯ ನಂಬರಿಗೆ ಮಾಡಿ ಎಂದರು.

ಕೇಳುವುದಕ್ಕೆ ನನಗೆ ಸಂಕೋಚ. ನಿಮ್ಮ ಎಂ.ಡಿ. ನಿಜವಾದ ಎಂ.ಡಿ.ನಾ ಎಂದು ಕೇಳಿದ ಹಾಗಲ್ವಾ? ಆದರೆ ಆ ಕಡೆಯವರು ಒಂದು ಮಾತೂ ಆಡದೆ ಮರುದಿನ ಬೆಳಿಗ್ಗೆ ಹತ್ತೂವರೆಗೆ ಏಪ್ರಿಲ್ 8ರ ನಿರ್ಣಯದ ಪ್ರತಿ ಮೇಲ್ ಮಾಡಿದರು. ದೊಡ್ಡ ಕಂಪನಿಗಳಿಗೆ ಇದು ದಿನಾ ಬರುವ ಕೇಳಿಕೆ. ಹೊಸ ಇ-ಸ್ಟಾಂಪ್ ಪೇಪರ್ ತರಿಸಿ ಮತ್ತೆ ಪ್ರಿಂಟ್ ತೆಗೆದೆ. ಸಹಿಯಾದ ಪ್ರತಿ ಸ್ಕ್ಯಾನ್ ಆಗಿ ಬಂದಾಗ ಮಧ್ಯಾಹ್ನ ಮೂರು ಗಂಟೆ. ಆಮೇಲೆ ಲಾರಿ ಒಳಗೆ ಬಂತು. ಮೇಲಿನ ಸಾಲಿನ ಆರು ಮೂಟೆ ಮಾತ್ರ ತೇವ ತಾಗಿತ್ತು. ಕಣದಲ್ಲಿ ಹರಡಿ ಒಣಗಿಸಿದೆವು.

ಈಗ ನಮ್ಮ ಪಾರ್ಟಿ ಫೈಲ್‌ಗಳ ಒಳರಟ್ಟಿನ ಮೇಲೆ ಒಂದು ಚೀಟಿ ಅಂಟಿಸಿದ್ದೇನೆ. ಮುಖ್ಯಸ್ಥರ ಹೆಸರು, ಹುದ್ದೆ, ಎಲ್ಲಿ ನೋಡಿದ್ದು, ಆ ಮಾಹಿತಿ ಯಾವ ದಿನದ್ದು, ನಾನು ನೋಡಿದ್ದು ಯಾವ ದಿನ. ಕೊನೆಯ ಎರಡು ದಿನಾಂಕ ಬೇರೆ ಬೇರೆ ಎಂದು ಓನರ್ರಿಗೆ ಒಪ್ಪಿಸಲು ಸ್ವಲ್ಪ ಸಮಯ ಹಿಡಿಯಿತು. "ಇವತ್ತೇ ನೋಡಿದ್ದೀಯಲ್ಲಮ್ಮಾ, ಮತ್ತೆ ಹಳೇದು ಹೇಗಾಗುತ್ತೆ?" ಅಂದರು. ಟೇಬಲ್ ಮೇಲಿದ್ದ ಹಿಂದಿನ ವಾರದ ಕಾಫಿ ರೇಟಿನ ಚೀಟಿ ತೋರಿಸಿ, "ಸರ್, ಇದನ್ನೂ ನಾನು ಇವತ್ತೇ ನೋಡಿದ್ದು. ಈ ರೇಟಿಗೆ ಕೊಡ್ತೀರಾ?" ಅಂದೆ. ನಕ್ಕು ಚೀಟಿಗೆ ಸಹಿ ಹಾಕಿದರು.